800ಕ್ಕೆ ಉದ್ರಿ, 600ಕ್ಕೆ ನಗದು: ಒಂದೇ ವ್ಯಾಪಾರ, ಮೂರು ತೀರ್ಪು

ಮೊದಲು ಪ್ರಕರಣ ಏನಂತ ನೋಡೋಣ, ಇಸ್ಲಾಮಿ ಕಾನೂನಿನ ಇಸ್ತಿಹ್ಸಾನ್, ಸದ್ದ್ ಅಲ್-ಝರಾಇ ಅನ್ನೋ ದೊಡ್ಡ ಹೆಸರುಗಳು ಆಮೇಲೆ ಬರ್ಲಿ.

ಪ್ರವಾದಿ ಮುಹಮ್ಮದರು ತೀರಿಹೋದ ಮೇಲಿನ ಮಾತು. ಒಬ್ಬ ಹೆಂಗಸು ಪ್ರವಾದಿಯವರ ಹೆಂಡತಿ ಆಯಿಶಾ ಅವರ ಹತ್ರ ಬರ್ತಾಳೆ. ಈಕೆ ಝೈದ್ ಬಿನ್ ಅರ್ಕಮ್ ಅನ್ನೋ ಸಹಾಬಿ, ಅಂದ್ರೆ ಪ್ರವಾದಿಯವರ ಜೊತೆಗಾರರೊಬ್ಬರ ಮನೆಯವಳು, ಅವರ ಮಗುವನ್ನ ಹೆತ್ತ ದಾಸಿ. ಬಂದವಳು ಹೇಳೋದು ಇಷ್ಟು: ನಾನು ಝೈದ್‌ಗೆ ಒಬ್ಬ ಗುಲಾಮನನ್ನ 800 ದಿರ್ಹಮ್‌ಗೆ ಉದ್ರಿ ಮಾರಿದೆ, 'ಅತಾ' ಬಂದಾಗ ದುಡ್ಡು ಕೊಡೋದು ಅಂತ ಮಾತಾಯ್ತು, ಆಮೇಲೆ ಅವರಿಗೆ ದುಡ್ಡಿನ ಅಡಚಣೆ ಬಂತು, ವಾಯಿದೆ ಮುಗಿಯೋ ಮೊದ್ಲೇ ಅದೇ ಗುಲಾಮನನ್ನ ಅವರ ಕೈಯಿಂದ 600 ದಿರ್ಹಮ್ ನಗದು ಕೊಟ್ಟು ವಾಪಸ್ ಕೊಂಡೆ. (ಅತಾ ಅಂದ್ರೆ ಖಜಾನೆಯಿಂದ ಜನರಿಗೆ ಹಂಚ್ತಿದ್ದ ವರ್ಷಾಸನ, ನಾವು "ಸಂಬಳ ಆದ್ಮೇಲೆ ಕೊಡ್ತೀನಿ" ಅನ್ನೋ ಥರ ಅಂದ್ಕೊಳ್ಳಿ, ಈ ಸಣ್ಣ ವಿಷಯ ಮುಂದೆ ಬೇಕಾಗತ್ತೆ ನೆನಪಿಟ್ಕೊಳ್ಳಿ.) ಇಲ್ಲಿ ಸರಕು ಅಂತ ಇರೋದು ಒಬ್ಬ ಮನುಷ್ಯ, ಅದನ್ನ ಮುಚ್ಚಿಟ್ಟು "ಒಂದು ವಸ್ತು" ಅಂತ ಬರಿಯೋಕೆ ನಂಗೆ ಮನಸ್ಸಿಲ್ಲ. ಆ ಪ್ರಶ್ನೆ ಬೇರೆಯೇ ಇದೆ, ಆದ್ರೆ ಸಾವಿರದಿನ್ನೂರು ವರ್ಷದಿಂದ ಫಿಕ್ಹ್, ಅಂದ್ರೆ ಇಸ್ಲಾಮಿ ಕಾನೂನಿನ ಪಂಡಿತರು ಜಗಳ ಆಡ್ತಿರೋದು ಆ 200 ದಿರ್ಹಮ್ ಬಗ್ಗೆ.

ಆಯಿಶಾ ಕೊಟ್ಟ ಉತ್ತರ ಸಿಡಿಲಿನ ಥರ ಇದೆ. ನೀನು ಮಾರಿದ್ದೂ ಕೆಟ್ಟದ್ದು, ಕೊಂಡಿದ್ದೂ ಕೆಟ್ಟದ್ದು, ಹೋಗಿ ಝೈದ್‌ಗೆ ಹೇಳು, ಪಶ್ಚಾತ್ತಾಪ ಪಡದಿದ್ರೆ ಅಲ್ಲಾಹನ ರಸೂಲರ ಜೊತೆ ಅವರು ಮಾಡಿದ ಜಿಹಾದ್ ಎಲ್ಲಾ ವ್ಯರ್ಥ ಆಯ್ತು ಅಂತ.

ಝೈದ್ ಯಾರು ಅಂತ ಗೊತ್ತಿದ್ರೆ ಈ ಮಾತಿನ ಭಾರ ಗೊತ್ತಾಗತ್ತೆ. ಬುಖಾರಿಯ ಹದೀಸ್ ಸಂಗ್ರಹದಲ್ಲಿ ಒಂದು ವರದಿ ಇದೆ, ಅಬೂ ಇಸ್ಹಾಕ್ ಅಸ್ಸಬೀಈ ಅನ್ನೋರು ಇದೇ ಝೈದ್‌ರನ್ನ ಕೇಳ್ತಾರೆ, ಪ್ರವಾದಿಯವರು ಎಷ್ಟು ದಂಡಯಾತ್ರೆ ಮಾಡಿದ್ರು ಅಂತ, 19 ಅಂತಾರೆ, ನೀವು ಎಷ್ಟರಲ್ಲಿ ಜೊತೆಗಿದ್ರಿ ಅಂದ್ರೆ 17 ಅಂತಾರೆ. ಆ 17ನ್ನೂ 200 ದಿರ್ಹಮ್‌ಗೆ ಕಳ್ಕೊಂಡ್ರಿ ಅನ್ನೋದು ಆಯಿಶಾ ಮಾತು. ಇನ್ನೂ ಸ್ವಾರಸ್ಯ ಏನಂದ್ರೆ ಈ ಉದ್ರಿ ವ್ಯಾಪಾರದ ಕಥೆಯನ್ನ ನಮಗೆ ಮುಟ್ಟಿಸಿದ ಹೆಂಗಸು ಆಲಿಯಾ, ಅದೇ ಅಬೂ ಇಸ್ಹಾಕ್‌ರ ಹೆಂಡತಿ. 17ರ ಲೆಕ್ಕ ಕೇಳ್ಕೊಂಡಿದ್ದು ಗಂಡ, ಆ 17 ವ್ಯರ್ಥ ಆಗತ್ತೆ ಅನ್ನೋ ಎಚ್ಚರಿಕೆ ಕೇಳ್ಕೊಂಡು ಬಂದಿದ್ದು ಹೆಂಡತಿ.

ಈಗ ಲೆಕ್ಕ ಹಾಕಿ. ಗುಲಾಮ ಎಲ್ಲಿದ್ದ? ಮೊದಲು ಹೆಂಗಸಿನ ಹತ್ರ, ಕೊನೆಗೂ ಅವಳ ಹತ್ರಾನೇ. ಝೈದ್ ಕೈಗೆ ಇವತ್ತು ಬಂದಿದ್ದು 600. ವಾಯಿದೆ ದಿನ ಅವರು ಕೊಡಬೇಕಾಗಿರೋದು 800. ನಡುವೆ ಓಡಾಡಿದ ಗುಲಾಮನನ್ನ ತೆಗೆದುಹಾಕಿದ್ರೆ ಉಳಿಯೋದು 600 ಸಾಲ, 200 ಬಡ್ಡಿ. ಮೂರರಲ್ಲೊಂದು ಭಾಗ. ಇಂಥ ವ್ಯಾಪಾರಕ್ಕೆ ಅರಬಿಯಲ್ಲಿ ಬೈಅ್ ಅಲ್-ಈನಾ ಅಂತ ಹೆಸರು. ನಮ್ಮ ಕಡೆ ಇದನ್ನೇ ಮಾಡಿದ್ರೆ ಹೇಗಿರತ್ತೆ ಅಂದ್ರೆ, ಅಂಗಡಿಯವನು ಬೈಕನ್ನ ನಿಮಗೆ 80,000ಕ್ಕೆ ಉದ್ರಿ ಮಾರ್ತಾನೆ, ನೀವು ಅಲ್ಲೇ ನಿಂತು ಅವನಿಗೇ 60,000 ನಗದಿಗೆ ಮಾರ್ತೀರಿ, ಬೈಕ್ ಸ್ಟ್ಯಾಂಡ್ ಮೇಲಿಂದ ಇಳಿದೇ ಇಲ್ಲ, ಬೀಗದ ಕೈ ಗೋಡೆಯ ಮೊಳೆಯಿಂದ ಕೆಳಗೆ ಬಂದೇ ಇಲ್ಲ, ರಸೀದಿ ಮಾತ್ರ ಎರಡು.

ನೋಡೋರಿಗೆ ಇದು ಬಡ್ಡಿ ಅಂತ ಒಂದೇ ನೋಟಕ್ಕೆ ಕಾಣತ್ತೆ ಅಲ್ವಾ. ಆದ್ರೆ ಕಾನೂನಿನ ತಕ್ಕಡಿಯಲ್ಲಿ ಇಟ್ಟಾಗ ಅಷ್ಟು ಸುಲಭ ಅಲ್ಲ. ಕುರ್‌ಆನ್ ವ್ಯಾಪಾರವನ್ನ ಹಲಾಲ್ ಮಾಡಿದೆ, ಬಡ್ಡಿಯನ್ನ ಹರಾಮ್ ಮಾಡಿದೆ. ಇಲ್ಲಿ ನಡೆದಿರೋದು ಎರಡು ವ್ಯಾಪಾರ. ಮೊದಲನೇದು ಉದ್ರಿ ಮಾರಾಟ, ಅದಕ್ಕೆ ಯಾವ ಮದ್‌ಹಬ್‌ನಲ್ಲೂ, ಅಂದ್ರೆ ಯಾವ ಕಾನೂನು ಪಂಥದಲ್ಲೂ ತಕರಾರಿಲ್ಲ. ಗುಲಾಮ ಝೈದ್ ಸ್ವಾಧೀನಕ್ಕೆ ಬಂದ ಮೇಲೆ ಅವನು ಅವರ ಸ್ವತ್ತು. ತಮ್ಮ ಸ್ವತ್ತನ್ನ ಅವರು ಬಜಾರಿನಲ್ಲಿ ಯಾರೋ ಗೊತ್ತಿಲ್ಲದವನಿಗೆ 600ಕ್ಕೆ ಮಾರಿದ್ರೆ ಯಾರೂ ಕೇಳ್ತಿರ್ಲಿಲ್ಲ. ಮೂರನೆಯವನಿಗೆ ಮಾರೋದು ಸರಿ ಅಂದ್ಮೇಲೆ ಮೊದಲಿನವಳಿಗೆ ಮಾರೋದು ಯಾಕೆ ತಪ್ಪು? ಇದೇ ಕಿಯಾಸ್, ಅಂದ್ರೆ ಗೊತ್ತಿರೋ ಪ್ರಕರಣದಿಂದ ಗೊತ್ತಿಲ್ಲದ್ದಕ್ಕೆ ಹೋಲಿಸಿ ತೀರ್ಪು ತೆಗೆಯೋದು. ಕಿಯಾಸ್ ಪ್ರಕಾರ ಎರಡನೇ ವ್ಯಾಪಾರವೂ ಸಿಂಧು. ಶಾಫಿಈ ಪಂಥದ ಮೂಲಪುರುಷ ಇಮಾಮ್ ಶಾಫಿಈ ಇಲ್ಲೇ ನಿಂತರು. ಅಬೂ ಹನೀಫಾರ ಪಂಥದ ಹನಫಿಗಳು, ಮಾಲಿಕ್‌ರ ಪಂಥದ ಮಾಲಿಕಿಗಳು ಇಲ್ಲಿಂದ ಮುಂದೆ ಹೋದ್ರು, ಆದ್ರೆ ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಹೋದ್ರು, ನಂಗೆ ಈ ಪ್ರಕರಣ ಇಷ್ಟ ಆಗೋದೇ ಅದಕ್ಕೆ.

ಹನಫಿಗಳ ದಾರಿ ಇಸ್ತಿಹ್ಸಾನ್. ಪದದ ಅರ್ಥ "ಒಳ್ಳೇದು ಅಂತ ಕಾಣೋದು", ಈ ಅರ್ಥದಿಂದಾನೇ ಅವರಿಗೆ ಅರ್ಧ ತಲೆನೋವು ಬಂದಿದ್ದು, ಯಾಕಂದ್ರೆ ಕೇಳಿದವರಿಗೆ "ಓಹೋ ನಿಮಗೆ ಇಷ್ಟ ಬಂದಿದ್ದೇ ಕಾನೂನಾ" ಅನ್ಸತ್ತೆ. ಅವರು ನಿಜಕ್ಕೂ ಮಾಡ್ತಿದ್ದಿದ್ದು ಅದಲ್ಲ. 952ರಲ್ಲಿ ತೀರಿಹೋದ ಬಗ್ದಾದಿನ ಕರ್ಖೀ ಅನ್ನೋ ಹನಫಿ ಪಂಡಿತರು ಕೊಟ್ಟ ವಿವರಣೆ ಚೆನ್ನಾಗಿದೆ: ಒಂದು ಪ್ರಕರಣಕ್ಕೆ ಅದರ ಥರದ್ದೇ ಬೇರೆ ಪ್ರಕರಣಗಳ ತೀರ್ಪನ್ನ ಕೊಡದೆ, ಅದಕ್ಕಿಂತ ಗಟ್ಟಿಯಾದ ಒಂದು ಕಾರಣಕ್ಕೆ ಬೇರೆ ತೀರ್ಪು ಕೊಡೋದು. ಉದಾಹರಣೆಗೆ ಇಲ್ಲದ ವಸ್ತುವನ್ನ ಮಾರೋ ಹಾಗಿಲ್ಲ ಅನ್ನೋದು ನಿಯಮ. ಹಾಗಾದ್ರೆ ಚಮ್ಮಾರನ ಹತ್ರ ಹೋಗಿ ಕಾಲಳತೆ ಕೊಟ್ಟು ಚಪ್ಪಲಿ ಮಾಡಿಕೊಡು ಅಂತ ಬೆಲೆ ಮಾತಾಡೋದೂ ಆಗ್ಬಾರದು, ಆ ಚಪ್ಪಲಿ ಇನ್ನೂ ಹುಟ್ಟೇ ಇಲ್ಲ. ಆದ್ರೆ ಜನ ತಲೆತಲಾಂತರದಿಂದ ಹಾಗೇ ಮಾಡ್ತಾ ಬಂದಿದ್ದಾರೆ, ಯಾರೂ ಬೇಡ ಅಂದಿಲ್ಲ. ಆ ರೂಢಿಯೇ ಗಟ್ಟಿ ಕಾರಣ ಅಂತ ಹನಫಿಗಳು ಇದನ್ನ ಒಪ್ಪಿದ್ರು, ಇದಕ್ಕೆ ಇಸ್ತಿಸ್ನಾ ಅಂತ ಹೆಸರೂ ಇಟ್ರು. ಅಲ್ಲಿ ಇಸ್ತಿಹ್ಸಾನ್ ಬಾಗಿಲು ತೆಗೆಯಿತು.

ನಮ್ಮ ಪ್ರಕರಣದಲ್ಲಿ ಅದೇ ಇಸ್ತಿಹ್ಸಾನ್ ಬಾಗಿಲು ಹಾಕತ್ತೆ. ಹನಫಿಗಳು ಕದ್ದುಮುಚ್ಚಿ ಮಾತಾಡಲ್ಲ, ಕಿಯಾಸ್ ಪ್ರಕಾರ ಈ ಮರುಖರೀದಿ ಸಿಂಧು ಅಂತ ಅವರೇ ಬರೀತಾರೆ, ಆದ್ರೂ ನಾವು ಕಿಯಾಸ್ ಬಿಟ್ಟು ಆಯಿಶಾ ಮಾತಿಗೆ ಹೋಗ್ತೀವಿ, ಎರಡನೇ ವ್ಯಾಪಾರ ಫಾಸಿದ್, ಅಂದ್ರೆ ಕೆಟ್ಟಿದ್ದು, ಅಂತಾರೆ. ಇದು ವರದಿಯ ಆಧಾರದ ಇಸ್ತಿಹ್ಸಾನ್. ಇದಕ್ಕೆ ಅವರು ಇನ್ನೊಂದು ಕಾರಣಾನೂ ಜೋಡಿಸ್ತಾರೆ, ಅದು ವ್ಯಾಪಾರಿಗಳಿಗೆ ತಕ್ಷಣ ಅರ್ಥ ಆಗೋಂಥದ್ದು. ಹೆಂಗಸಿಗೆ 800 ಇನ್ನೂ ಬಂದಿಲ್ಲ. ಸರಕು ಮಾತ್ರ ಅವಳ ಕೈಗೆ ವಾಪಸ್ ಬಂತು. 800ರಲ್ಲಿ 600 ವಜಾ ಹಾಕಿದ್ರೆ 200 ಉಳೀತು, ಆ 200ಕ್ಕೆ ಎದುರಾಗಿ ಅವಳು ಕೊಟ್ಟಿದ್ದೇನು? ಏನೂ ಇಲ್ಲ. ಹೊಣೆ ಹೊರದೆ ಬಂದ ಲಾಭ ಅದು, ಅಂಥ ಲಾಭವನ್ನ ಪ್ರವಾದಿಯವರು ತಡೆದಿದ್ದಾರೆ.

ಇಲ್ಲೊಂದು ಪ್ರಶ್ನೆ ಬರತ್ತೆ. ಆಯಿಶಾ ಪ್ರವಾದಿಯವರ ಮಾತನ್ನ ಹೇಳ್ತಿಲ್ಲ, ತಮ್ಮ ಮಾತು ಹೇಳ್ತಿದ್ದಾರೆ, ಝೈದ್ ಕೂಡ ಸಹಾಬಿ, ಅವರ ನಡೆ ಇವರ ಮಾತಿಗೆ ಎದುರು ನಿಲ್ಲಲ್ವಾ? ಹನಫಿಗಳ ಉತ್ತರ ಜಾಣತನದ್ದು. ಒಬ್ಬ ಮನುಷ್ಯನ ಇಡೀ ಜಿಹಾದ್ ವ್ಯರ್ಥ ಆಯ್ತು ಅಂತ ಯಾರೂ ಸ್ವಂತ ಬುದ್ಧಿಯಿಂದ ಹೇಳೋಕೆ ಬರಲ್ಲ, ಪುಣ್ಯ ಅಳಿಸಿಹೋಗೋದು ತರ್ಕದಿಂದ ಗೊತ್ತಾಗೋ ವಿಷಯ ಅಲ್ಲ, ಹಾಗಾಗಿ ಅವರು ಪ್ರವಾದಿಯವರಿಂದ ಏನೋ ಕೇಳಿರ್ಲೇಬೇಕು. ಮಾತು ಎಷ್ಟು ಕಟುವಾಗಿದ್ಯೋ ಅಷ್ಟು ಅದರ ಮೂಲ ಮೇಲಿದೆ ಅಂತ.

ಶಾಫಿಈ ಅದೇ ವಾಕ್ಯವನ್ನ ಎತ್ಕೊಂಡು ಉಲ್ಟಾ ಓದ್ತಾರೆ. ಇದನ್ನ ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅವರು ಹೇಳೋದು: ಮೊದಲನೇದಾಗಿ ಈ ವರದಿ ಆಯಿಶಾರಿಂದ ಸಾಬೀತೇ ಆಗಿಲ್ಲ. ಆಗಿದೆ ಅಂತ ಇಟ್ಕೊಂಡ್ರೂ ಅವರು ಬೈದಿದ್ದು ವಾಯಿದೆಗೆ ಇರಬಹುದು, "ಅತಾ ಬಂದಾಗ" ಅನ್ನೋದು ನಿಗದಿ ದಿನ ಅಲ್ಲ, ಹಿಂದೆ ಮುಂದೆ ಆಗತ್ತೆ, ಅಂಥ ವಾಯಿದೆಯ ವ್ಯಾಪಾರ ನಾವೂ ಒಪ್ಪಲ್ಲ. ಅದೂ ಬೇಡ, ಇಬ್ಬರು ಸಹಾಬಿಗಳು ಭಿನ್ನ ಆದ್ರೆ ಕಿಯಾಸ್ ಯಾರ ಕಡೆ ಇದ್ಯೋ ಅವರ ಕಡೆ ನಾವು, ಕಿಯಾಸ್ ಇರೋದು ಝೈದ್ ಕಡೆ. ಆಮೇಲೆ ಕೊನೇ ಏಟು: ಝೈದ್ ತಮಗೆ ಹಲಾಲ್ ಅಂತ ಕಂಡಿದ್ದನ್ನೇ ಮಾಡಿರ್ತಾರೆ, ನಾವು ಹರಾಮ್ ಅನ್ನೋದನ್ನ ಇನ್ನೊಬ್ಬ ಹಲಾಲ್ ಅಂತ ನಂಬಿ ಮಾಡಿದ್ರೆ ಅವನ ಪುಣ್ಯ ಅಳಿದುಹೋಯ್ತು ಅಂತ ನಾವು ಹೇಳಲ್ಲ, ಆಯಿಶಾ ಹೇಳ್ತಾರಾ?

ನೋಡಿ, ಕಟು ಮಾತು ಒಬ್ಬರಿಗೆ ವರದಿಯ ತೂಕ ಹೆಚ್ಚಿಸೋ ಸಾಕ್ಷಿ, ಇನ್ನೊಬ್ಬರಿಗೆ ವರದಿಯನ್ನೇ ಅನುಮಾನಿಸೋ ಸಾಕ್ಷಿ. ಆಲಿಯಾ ಬಗ್ಗೆಯೂ ಇದೇ ಜಗಳ. ಹದೀಸ್ ಪಂಡಿತ ದಾರಕುತ್ನೀ ಆಕೆ ಯಾರಂತ ಗೊತ್ತಿಲ್ಲದವಳು, ಆಕೆಯ ವರದಿ ಆಧಾರ ಆಗಲ್ಲ ಅಂದ್ರು. 1350ರಲ್ಲಿ ತೀರಿಹೋದ ದಮಾಸ್ಕಸ್‌ನ ಇಬ್ನುಲ್ ಕಯ್ಯಿಮ್ ಸೇರಿ ಕೆಲವರು ಅಲ್ಲಯ್ಯಾ, ಅಬೂ ಇಸ್ಹಾಕ್ ಹೆಂಡತಿ ಅಂತ ಎಲ್ಲರಿಗೂ ಗೊತ್ತಿರೋ ಹೆಂಗಸು, ಗಂಡ ಮಗ ಇಬ್ಬರೂ ಆಕೆಯಿಂದ ಕೇಳಿ ಹೇಳಿದ್ದಾರೆ, ಇನ್ನೇನು ಬೇಕು ಅಂದ್ರು. ನನ್ನ ಅಭಿಪ್ರಾಯ ಕೇಳಿದ್ರೆ ಶಾಫಿಈ ಅವರ ಕೊನೇ ಮಾತು ಮನಸ್ಸಿಗೆ ತಟ್ಟತ್ತೆ, ಆದ್ರೆ ವಾಯಿದೆ ಬಗ್ಗೆ ಹೇಳಿದ್ದು ಅಷ್ಟು ಗಟ್ಟಿ ಅನ್ಸಲ್ಲ, ಬೈಗುಳ ವಾಯಿದೆಗಾಗಿದ್ರೆ ಆಯಿಶಾ ಕೊಂಡಿದ್ದನ್ನೂ ಯಾಕೆ ಕೆಟ್ಟದ್ದು ಅಂದ್ರು, ಎರಡನೇದು ನಗದು ವ್ಯಾಪಾರ ಅಲ್ವಾ.

"ಇಸ್ತಿಹ್ಸಾನ್ ಮಾಡಿದವನು ಹೊಸ ಶರೀಅತ್ ಮಾಡಿದ" ಅನ್ನೋ ಮಾತು ಶಾಫಿಈ ಹೆಸರಲ್ಲಿ ಓಡಾಡ್ತಿದೆ, ತಮ್ಮ ರಿಸಾಲಾ ಅನ್ನೋ ಪುಸ್ತಕದಲ್ಲಿ ಅವರು ಇಸ್ತಿಹ್ಸಾನನ್ನ ಬಾಯಿ ರುಚಿಗೆ ಹೋಲಿಸಿರೋದಂತೂ ಇದೆ. ಆದ್ರೆ ನಮ್ಮ ಪ್ರಕರಣದಲ್ಲಿ ಆ ಬಾಣ ನೆಟ್ಟಗೆ ತಾಗಲ್ಲ. ಇಲ್ಲಿ ಹನಫಿಗಳು ರುಚಿಗೆ ಬಿದ್ದು ಕಿಯಾಸ್ ಬಿಟ್ಟಿಲ್ಲ, ಒಂದು ವರದಿಗಾಗಿ ಬಿಟ್ಟಿದ್ದಾರೆ. ವರದಿ ದುರ್ಬಲ ಅಂದ್ರೆ ಅದು ವರದಿಯ ಜಗಳ, ಸಾಧನದ ಜಗಳ ಅಲ್ಲ. ಸಾಧನದ ನಿಜವಾದ ಜಗಳ ಕಾಣಬೇಕು ಅಂದ್ರೆ ಅಂಚಿನ ಪ್ರಕರಣಗಳಿಗೆ ಹೋಗ್ಬೇಕು.

ಹೆಂಗಸು ಬುದ್ಧಿವಂತಿಕೆ ಮಾಡಿ 600 ದಿರ್ಹಮ್ ಬೆಳ್ಳಿ ಬದಲು ಅದಕ್ಕೆ ಸಮನಾದ ಚಿನ್ನದ ದೀನಾರ್ ಕೊಟ್ಟು ವಾಪಸ್ ಕೊಂಡ್ಳು ಅಂದ್ಕೊಳ್ಳಿ. ಬೆಳ್ಳಿ ಬೇರೆ ಚಿನ್ನ ಬೇರೆ, ಎರಡೂ ಬೇರೆ ಜಾತಿಯ ವಸ್ತು, ಹಾಗಾಗಿ "ಕಡಿಮೆ ಬೆಲೆ" ಅನ್ನೋ ಪ್ರಶ್ನೆಯೇ ಬರಲ್ಲ, ಕಿಯಾಸ್ ಪ್ರಕಾರ ಸರಿ. ಅಬೂ ಹನೀಫಾರ ಶಿಷ್ಯ ಝುಫರ್ ಹಾಗೇ ಹೇಳಿದ್ರು. ಉಳಿದ ಹನಫಿಗಳು ಇಲ್ಲ, ಇಸ್ತಿಹ್ಸಾನ್ ಪ್ರಕಾರ ಇಲ್ಲಿ ಚಿನ್ನ ಬೆಳ್ಳಿ ಎರಡೂ ಒಂದೇ, ಎರಡೂ ದುಡ್ಡೇ ತಾನೇ ಅಂದ್ರು. ಆಯಿಶಾ ವರದಿಯಲ್ಲಿ ದೀನಾರಿನ ಸುದ್ದಿಯೇ ಇಲ್ಲ. ವರದಿ ನಿಂತ ಜಾಗದಿಂದ ಒಂದು ಹೆಜ್ಜೆ ಮುಂದಿಟ್ಟಿದ್ದು ಈ ಪಂಡಿತರ ತೂಗಿ ನೋಡೋ ಬುದ್ಧಿ. ಇಸ್ತಿಹ್ಸಾನ್ ಬಗ್ಗೆ ಯಾರಿಗಾದ್ರೂ ಹೇಳ್ಬೇಕು ಅಂದ್ರೆ ನಾನು ಈ ದೀನಾರಿನ ಕಥೆ ಹೇಳ್ತೀನಿ.

ಹಾಗಂತ ಹನಫಿಗಳು ಎಲ್ಲ ಬಾಗಿಲನ್ನೂ ಹಾಕಿಲ್ಲ. ಝೈದ್ ಕೈಯಲ್ಲಿದ್ದಾಗ ಗುಲಾಮನಿಗೆ ಏನೋ ಊನ ಆಗಿ ಬೆಲೆ ಇಳಿದಿದ್ರೆ 600ಕ್ಕೆ ವಾಪಸ್ ಕೊಳ್ಳಬಹುದು, ಆ 200 ಊನಕ್ಕೆ ಹೋಯ್ತು ಅಂತ ಲೆಕ್ಕ. ದುಡ್ಡಿನ ಬದಲು ಬಟ್ಟೆಯ ಥಾನು ಕೊಟ್ಟು ಕೊಂಡ್ರೂ ಆಗಬಹುದು. 800 ಪೂರ್ತಿ ಸಂದಾಯ ಆದ ಮೇಲೆ ಎಷ್ಟಕ್ಕಾದ್ರೂ ಕೊಳ್ಳಲಿ. ಝೈದ್ ನಡುವೆ ಮೂರನೆಯವನಿಗೆ ಮಾರಿ, ಆ ಮೂರನೆಯವನಿಂದ ಹೆಂಗಸು ಕೊಂಡ್ರೆ ಅದೂ ಸಿಂಧು, ಒಡೆತನ ಕೈ ಬದಲಾಯ್ತಲ್ಲ. ಕಿಲಾಡಿಗಳಿಗೆ ಇಷ್ಟು ಸಾಕಾಯ್ತು, ನಡುವೆ ಒಬ್ಬನನ್ನ ನಿಲ್ಲಿಸಿದ್ರು. ಸಾಲ ಬೇಕಾದವನು ಸರಕನ್ನ ಹೆಚ್ಚಿನ ಬೆಲೆಗೆ ಉದ್ರಿ ತಗೊಂಡು ಬಜಾರಿನಲ್ಲಿ ಕಡಿಮೆಗೆ ಮಾರೋ ಪದ್ಧತಿ ಬೆಳೀತು. ಇದರ ಬಗ್ಗೆ ಅಬೂ ಹನೀಫಾರ ಇಬ್ಬರು ದೊಡ್ಡ ಶಿಷ್ಯರಲ್ಲೇ ಒಡಕು. ಅಬೂ ಯೂಸುಫ್ ಅಡ್ಡಿಯಿಲ್ಲ, ಹರಾಮಿನಿಂದ ಓಡೋದಕ್ಕೆ ಪುಣ್ಯ ಕೂಡ ಇದೆ ಅಂದ್ರಂತೆ. ಮುಹಮ್ಮದ್ ಶೈಬಾನೀ ಈ ವ್ಯಾಪಾರ ನನ್ನ ಎದೆ ಮೇಲೆ ಬೆಟ್ಟ ಇಟ್ಟ ಹಾಗಿದೆ, ಬಡ್ಡಿ ತಿನ್ನೋರು ಹುಟ್ಟುಹಾಕಿದ್ದು ಅಂದ್ರು.

ಈಗ ಮದೀನಾಕ್ಕೆ ಬನ್ನಿ. 795ರಲ್ಲಿ ತೀರಿಹೋದ ಇಮಾಮ್ ಮಾಲಿಕ್‌ರ ಶಾಲೆಯವರೂ ಆಯಿಶಾ ವರದಿಯನ್ನ ತರ್ತಾರೆ, ಆದ್ರೆ ಅದನ್ನ ಕಿತ್ತುಹಾಕಿದ್ರೂ ಅವರ ಕಟ್ಟಡ ಬೀಳಲ್ಲ. ಅವರ ಆಧಾರ ಸದ್ದ್ ಅಲ್-ಝರಾಇ. ಝರೀಆ ಅಂದ್ರೆ ದಾರಿ, ಸಾಧನ, ಸದ್ದ್ ಅಂದ್ರೆ ಅಡ್ಡ ಕಟ್ಟೋದು. ಕೆಲಸ ತನ್ನಷ್ಟಕ್ಕೆ ಸರಿಯೇ ಇರಬಹುದು, ಆದ್ರೆ ಅದು ಹರಾಮಿನ ಕಡೆ ಹೋಗೋ ದಾರಿ ಆಗಿದ್ರೆ ದಾರಿಯನ್ನೇ ಮುಚ್ಚು. ಕುರ್‌ಆನ್‌ನಲ್ಲೇ ಇದರ ನೆರಳಿದೆ, ಬೇರೆಯವರ ದೇವರುಗಳನ್ನ ಬೈಬೇಡಿ, ಅವರು ತಿರುಗಿ ಅಲ್ಲಾಹನನ್ನ ಬೈದಾರು ಅಂತ ಅನ್ಆಮ್ ಅಧ್ಯಾಯದ 108ನೇ ಆಯತ್ ಹೇಳತ್ತೆ.

ಕೈರೋದ ಕರಾಫೀ (1285ರಲ್ಲಿ ತೀರಿಹೋದ್ರು) ದಾರಿಗಳನ್ನ ಮೂರು ಗುಂಪು ಮಾಡ್ತಾರೆ. ಜನ ಓಡಾಡೋ ರಸ್ತೆಯಲ್ಲಿ ಬಾವಿ ತೋಡೋದು, ಇದನ್ನ ಎಲ್ಲರೂ ಮುಚ್ತಾರೆ. ಹೆಂಡ ಆಗಬಹುದು ಅಂತ ದ್ರಾಕ್ಷಿ ಬೆಳೆಯೋದನ್ನೇ ನಿಲ್ಲಿಸೋದು, ಇದನ್ನ ಯಾರೂ ಮಾಡಲ್ಲ. ಜಗಳ ಇರೋದು ನಡುವಿನ ಗುಂಪಿನಲ್ಲಿ, ಅದಕ್ಕೆ ಅವರು ಕೊಡೋ ಉದಾಹರಣೆ ನಮ್ಮ ಪ್ರಕರಣವೇ, ಅಂಕಿ ಮಾತ್ರ ಬೇರೆ: ತಿಂಗಳ ವಾಯಿದೆಗೆ 10ಕ್ಕೆ ಮಾರಿ, ತಿಂಗಳೊಳಗೆ 5 ನಗದಿಗೆ ಕೊಂಡವನು. ಮಾಲಿಕ್ ಏನಂತಾರೆ ಅಂದ್ರೆ ಇವನ ಕೈಯಿಂದ ಇವತ್ತು 5 ಹೋಯ್ತು, ತಿಂಗಳ ಕೊನೆಗೆ 10 ಬಂತು, ವ್ಯಾಪಾರದ ವೇಷ ಹಾಕಿದ ಸಾಲ. ಮಾಲಿಕಿಗಳ ಸೂತ್ರ ಒಂದಿದೆ: ಕೈಯಿಂದ ಹೋಗಿ ಅದೇ ಕೈಗೆ ಬಂದಿದ್ದನ್ನ ಲೆಕ್ಕಕ್ಕೆ ಇಡಬೇಡ. ಗುಲಾಮ ಹೋದ ಬಂದ, ಬಿಟ್ಟುಬಿಡು, ಉಳಿದಿದ್ದು ನೋಡು.

ಈ ಸೂತ್ರ ಹಿಡ್ಕೊಂಡು ಅವರು ಹನ್ನೆರಡು ರೂಪ ಬಿಡಿಸ್ತಾರೆ, ನಂಗೆ ಇದು ಒಗಟು ಬಿಡಿಸಿದ ಹಾಗೆ ಖುಷಿ ಕೊಡತ್ತೆ. ತಿಂಗಳ ವಾಯಿದೆಗೆ 10ಕ್ಕೆ ಮಾರಿದೆ ಅಂತ ಇಟ್ಕೊಳ್ಳಿ. ವಾಪಸ್ ಕೊಳ್ಳೋ ಬೆಲೆ ಕಡಿಮೆ ಇರಬಹುದು, ಅಷ್ಟೇ ಇರಬಹುದು, ಹೆಚ್ಚಿರಬಹುದು. ಕೊಡೋ ದಿನ ಇವತ್ತೇ ಇರಬಹುದು, ಹದಿನೈದು ದಿನಕ್ಕೆ, ಅದೇ ತಿಂಗಳ ಕೊನೆಗೆ, ಇಲ್ಲಾ ಎರಡು ತಿಂಗಳಿಗೆ. ಮೂರು ನಾಲ್ಕಲ ಹನ್ನೆರಡು. ಇದರಲ್ಲಿ ಒಂಬತ್ತಕ್ಕೆ ತಕರಾರಿಲ್ಲ, ಮೂರು ಮಾತ್ರ ನಿಷಿದ್ಧ: ಇವತ್ತೇ 8, ಹದಿನೈದು ದಿನಕ್ಕೆ 8, ಎರಡು ತಿಂಗಳಿಗೆ 12. ಮೊದಲೆರಡು ಸುಲಭ, ಮಾರಿದವನು 8 ಕೊಟ್ಟು 10 ತಗೊಳ್ತಾನೆ. ಮೂರನೇದರಲ್ಲಿ ಆಟ ತಿರುಗಿಬಿಡತ್ತೆ, ಗಿರಾಕಿ ತಿಂಗಳ ಕೊನೆಗೆ 10 ಕೊಡ್ತಾನೆ, ಎರಡು ತಿಂಗಳಿಗೆ 12 ತಗೊಳ್ತಾನೆ, ಈಗ ಸಾಲ ಕೊಟ್ಟವನು ಗಿರಾಕಿ! ಮೂರರಲ್ಲೂ ಸಾಮಾನ್ಯ ಏನಂದ್ರೆ ಸಣ್ಣ ಮೊತ್ತ ಮೊದಲು ಹೊರಡತ್ತೆ, ದೊಡ್ಡದು ಆಮೇಲೆ ಬರತ್ತೆ. ಎರಡೂ ಒಂದೇ ದಿನಕ್ಕಿದ್ರೆ ಬೆಲೆ ಎಷ್ಟೇ ಇರ್ಲಿ ವಜಾ ಹಾಕಿ ಮುಗಿಸಬಹುದು, ನಡುವೆ ಕಾಲ ಇಲ್ಲ, ಹಾಗಾಗಿ ಸಾಲ ಇಲ್ಲ. ಇಬ್ಬರ ಮನಸ್ಸಲ್ಲಿ ಏನಿತ್ತು ಅಂತ ಮಾಲಿಕಿ ಖಾಝಿ ಕೇಳಲ್ಲ, ದುಡ್ಡು ಯಾವಾಗ ಯಾವ ಕಡೆ ಹರೀತು ಅಂತ ನೋಡ್ತಾನೆ ಅಷ್ಟೇ.

ಪೆಟ್ಟು ಬೀಳೋದೂ ಇಲ್ಲೇ. ನಿಜವಾಗಿ ಎತ್ತು ಮಾರಿದವನೊಬ್ಬ ಇದ್ದಾನೆ ಅಂದ್ಕೊಳ್ಳಿ, ಹತ್ತು ದಿನ ಆದ್ಮೇಲೆ ಗಿರಾಕಿ ಬಂದು ಅಣ್ಣಾ ಊರು ಬಿಡ್ತಿದ್ದೀನಿ, ನಗದು ಬೇಕು, ಕಡಿಮೆಗಾದ್ರೂ ತಗೋ ಅಂದ, ಇವನು ತಗೊಂಡ. ಯಾವ ಕಪಟಾನೂ ಇಲ್ಲ. ಮಾಲಿಕಿ ನಿಯಮಕ್ಕೆ ಇವನೂ ಸಿಕ್ಕಿಬೀಳ್ತಾನೆ. ಶಾಫಿಈ ಕೇಳೋದು ಇದನ್ನೇ: ಅನುಮಾನದ ಮೇಲೆ ಒಪ್ಪಂದ ಮುರಿಯೋ ಅಧಿಕಾರ ನಿನಗೆ ಯಾರು ಕೊಟ್ರು? ಕೊಲ್ಲೋಕೆ ಅಂತ ಮನಸ್ಸಲ್ಲಿಟ್ಕೊಂಡು ಒಬ್ಬ ಕತ್ತಿ ಕೊಂಡ್ರೆ ಆ ಕೆಲಸ ನಂಗೆ ಹಿಡಿಸಲ್ಲ, ಆದ್ರೆ ಆ ಮಾರಾಟವನ್ನ ರದ್ದು ಮಾಡಲ್ಲ ಅಂತಾರೆ, ಹೆಂಡ ಮಾಡೋನಿಗೆ ದ್ರಾಕ್ಷಿ ಮಾರಿದ್ರೂ ಹಾಗೇ. ಮನಸ್ಸು ಅಲ್ಲಾಹನ ಲೆಕ್ಕ, ಖಾಝಿಗೆ ಹೊರಗೆ ಕಾಣೋದಷ್ಟೇ ಲೆಕ್ಕ. ಇದನ್ನ ಹೇಳ್ತಿರೋದು ಮದೀನಾದಲ್ಲಿ ಮಾಲಿಕ್ ಹತ್ರ, ಇರಾಕಿನಲ್ಲಿ ಶೈಬಾನೀ ಹತ್ರ ಓದಿದ ಮನುಷ್ಯ, ಇಬ್ಬರು ಗುರುಗಳಿಗೂ ಒಂದೇ ಪ್ರಕರಣದಲ್ಲಿ ಎದುರಾಡಿದವರು.

ಮಾಲಿಕಿಗಳ ಕಡೆಯಿಂದ ಒಳ್ಳೇ ಉತ್ತರ ಬರೋಕೆ ಬಹಳ ಕಾಲ ಹಿಡೀತು, ಗ್ರನಾಡಾದ ಶಾತಿಬೀ (1388ರಲ್ಲಿ ತೀರಿಹೋದ್ರು) ಅದನ್ನ ಬಿಡಿಸಿ ಹೇಳಿದ್ರು. ಕೆಡುಕು ಅಪರೂಪಕ್ಕೆ ಬರೋದಾದ್ರೆ ದಾರಿ ಮುಚ್ಚಬಾರದು, ಬಹುಪಾಲು ಬರೋದಾದ್ರೆ ಮುಚ್ಚಬೇಕು. ನಮ್ಮ ಉದ್ರಿ ವ್ಯಾಪಾರ ಎರಡರ ನಡುವೆ ಇದೆ, ಬಹುಪಾಲು ಅನ್ನೋಕಾಗಲ್ಲ, ಆದ್ರೆ ತುಂಬಾ ಸಲ ಆಗತ್ತೆ. ಈ "ತುಂಬಾ ಸಲ" ಅನ್ನೋದು ಸಾಕ್ಷಿ ಆಗತ್ತಾ ಇಲ್ವಾ? ಮಾಲಿಕ್ ಆಗತ್ತೆ ಅಂದ್ರು, ಶಾಫಿಈ ಆಗಲ್ಲ ಅಂದ್ರು. ನನ್ನ ಪ್ರಕಾರ ಇಡೀ ಪ್ರಕರಣದ ತಿರುಳು ಇಷ್ಟೇ. ಬಡ್ಡಿ ಹರಾಮ್ ಅನ್ನೋದ್ರಲ್ಲಿ ಮೂವರಿಗೂ ಭಿನ್ನಾಭಿಪ್ರಾಯ ಇಲ್ಲ, ಎತ್ತು ಮಾರಿದ ಆ ನಿರ್ದೋಷಿಗೆ ನಷ್ಟ ಆಗ್ಲಾ ಅಥವಾ ಕಪಟಿ ತಪ್ಪಿಸ್ಕೊಳ್ಳಲಾ, ಎರಡರಲ್ಲಿ ಯಾವ ತಪ್ಪನ್ನ ನಾವು ತಾಳ್ಕೋಬೇಕು ಅನ್ನೋದ್ರಲ್ಲಿ ಭಿನ್ನಾಭಿಪ್ರಾಯ.

ಶಾಫಿಈ ಮದ್‌ಹಬ್ ಒಳಗೂ ಎಲ್ಲರಿಗೂ ನೆಮ್ಮದಿ ಇರ್ಲಿಲ್ಲ. ಅಬೂ ಇಸ್ಹಾಕ್ ಇಸ್ಫರಾಯೀನೀ ಅನ್ನೋ ದೊಡ್ಡ ಶಾಫಿಈ ಪಂಡಿತರು ಒಬ್ಬನಿಗೆ ಇದೇ ಚಾಳಿ ಆಗಿಬಿಟ್ಟಿದ್ರೆ ಎರಡನೇ ವ್ಯಾಪಾರ ಮೊದಲನೇದರಲ್ಲೇ ಷರತ್ತು ಹಾಕಿದ ಹಾಗೆ, ಎರಡೂ ರದ್ದು ಅಂತ ಫತ್ವಾ ಕೊಟ್ರು. ಷರತ್ತು ಬಾಯಲ್ಲಿ ಹೇಳಿದ್ರೆ ರದ್ದು ಅನ್ನೋದು ಶಾಫಿಈಗಳಿಗೂ ಒಪ್ಪಿಗೆ ಇತ್ತು, ಇವರು ರೂಢಿಯನ್ನೇ ಮಾತು ಅಂತ ತಗೊಂಡ್ರು. ಆಮೇಲಿನ ಶಾಫಿಈ ಪಂಡಿತ ನವವೀ ಈ ಫತ್ವಾವನ್ನ ದಾಖಲಿಸಿ, ಆದ್ರೆ ನಮ್ಮ ಮದ್‌ಹಬ್‌ನ ಸರಿಯಾದ ಮಾತು ಇದಲ್ಲ, ಚಾಳಿ ಆಗಿದ್ರೂ ಇಲ್ಲದಿದ್ರೂ ಸಿಂಧುವೇ ಅಂತ ಬರೀತಾರೆ.

ನಮ್ಮ ರಾಜ್ಯದಲ್ಲೇ ಈ ಗೆರೆ ಇದೆ. ಭಟ್ಕಳದ ನವಾಯತರು, ಮಂಗಳೂರು ಕಡೆಯ ಬ್ಯಾರಿಗಳು ಹೆಚ್ಚಿನವರು ಶಾಫಿಈ, ಘಟ್ಟ ಹತ್ತಿದ್ರೆ ದಖ್ಖನಿ ಉರ್ದು ಮಾತಾಡೋ ನಮ್ಮಂಥವರು ಹೆಚ್ಚಾಗಿ ಹನಫಿ. ಹಾಸ್ಟೆಲ್‌ನಲ್ಲಿ ನನ್ನ ಜೊತೆಗಿದ್ದ ಭಟ್ಕಳದ ಗೆಳೆಯನಿಗೆ ಮೇಲಿನ ಬೈಕ್ ಕಥೆ ಹೇಳಿ ನಿಮ್ಮ ಇಮಾಮರು ಇದನ್ನ ಬಿಟ್ಟುಬಿಟ್ರಲ್ಲೋ ಅಂತ ಕೆಣಕಿದ್ದೆ. "ಬಿಟ್ಟಿದ್ದು ಅಲ್ಲ ಮಾರಾಯ, ಖಾಝಿ ಕೈಯಿಂದ ಬಿಟ್ರು ಅಷ್ಟೇ, ಮೇಲಿನವನ ಕೈಯಿಂದ ಬಿಡ್ಲಿಲ್ಲ" ಅಂದ. ಆಗ ನಕ್ಕಿದ್ದೆ, ಆಮೇಲೆ ಓದ್ತಾ ಹೋದ ಹಾಗೆ ಅವನೇ ಸರಿಯಾಗಿ ಹೇಳಿದ್ದ ಅನ್ನಿಸ್ತು, ಸಿಂಧು ಅನ್ನೋದು ಬೇರೆ, ಒಳ್ಳೇದು ಅನ್ನೋದು ಬೇರೆ.

ಇವತ್ತಿಗೂ ಇದು ಬರೀ ಪುಸ್ತಕದ ಜಗಳ ಅಲ್ಲ. ಶಾಫಿಈ ಪರಂಪರೆಯ ಮಲೇಷ್ಯಾದಲ್ಲಿ ಕೇಂದ್ರ ಬ್ಯಾಂಕಿನ ಶರೀಅತ್ ಸಲಹಾ ಮಂಡಳಿ ಈನಾವನ್ನ ಒಪ್ಪಿತ್ತು, ಬ್ಯಾಂಕುಗಳು ಅದರ ಮೇಲೆ ಪರ್ಸನಲ್ ಲೋನು, ಕ್ರೆಡಿಟ್ ಕಾರ್ಡು ಎಲ್ಲಾ ಕಟ್ಟಿದ್ವು, ಬ್ಯಾಂಕ್ ಒಂದು ಆಸ್ತಿಯನ್ನ ಗಿರಾಕಿಗೆ ಉದ್ರಿ ಮಾರಿ ಕೂಡಲೇ ಕಡಿಮೆ ನಗದಿಗೆ ಕೊಳ್ಳೋದು. ಕೊಲ್ಲಿ ದೇಶಗಳ ಪಂಡಿತರು ಇದನ್ನ ಒಪ್ಪಲಿಲ್ಲ. ಅವರ ಕಡೆ ಬಂದಿದ್ದು ಮೂರನೆಯವನ ದಾರಿ, ತವರ್ರುಕ್. ಬ್ಯಾಂಕೇ ಗಿರಾಕಿ ಪರವಾಗಿ ಲೋಹ ಕೊಂಡು ಮಾರಿ ದುಡ್ಡು ಖಾತೆಗೆ ಹಾಕತ್ತೆ, ಗಿರಾಕಿ ಲೋಹದ ಮುಖಾನೂ ನೋಡಿರಲ್ಲ. ಇಸ್ಲಾಮಿಕ್ ದೇಶಗಳ ಸಂಘಟನೆಯ ಫಿಕ್ಹ್ ಅಕಾಡೆಮಿ 2009ರಲ್ಲಿ ಶಾರ್ಜಾದಲ್ಲಿ ಸೇರಿದಾಗ ಇಂಥ ಏರ್ಪಾಡು ಮಾಡಿದ ತವರ್ರುಕ್ ಕೂಡ ಆಗಲ್ಲ ಅಂತ ನಿರ್ಣಯ ಮಾಡ್ತು. ಶೈಬಾನೀ ಎದೆ ಮೇಲಿನ ಬೆಟ್ಟ ಕರಗಿಲ್ಲ ಅನ್ನಿ.

ಇಂಥ ಕಾಗದ ನಿಮ್ಮ ಮುಂದೆ ಬಂದ್ರೆ ಏನು ನೋಡ್ಬೇಕು ಅಂತ ಕೇಳಿದ್ರೆ ನಾನು ಒಂದೇ ಪ್ರಶ್ನೆ ಹಾಕ್ತೀನಿ: ಮೊದಲ ವ್ಯಾಪಾರ ಆದ್ಮೇಲೆ ನಾನು ಎರಡನೇದಕ್ಕೆ ಒಲ್ಲೆ ಅಂದು ಸರಕು ಎತ್ಕೊಂಡು ಮನೆಗೆ ಹೋಗಬಹುದಾ? ಹೋಗಬಹುದು ಅಂದ್ರೆ ಎರಡು ವ್ಯಾಪಾರ ಅಂತ ವಾದ ಮಾಡೋಕಾದ್ರೂ ಜಾಗ ಇದೆ. ಎದುರಿಗಿದ್ದವನು ಅದು ಹೇಗಾಗತ್ತೆ ಸಾರ್, ಎರಡನೇದಕ್ಕೂ ಸೈನ್ ಹಾಕಿದ್ರೇ ದುಡ್ಡು ಅಂದ್ರೆ ಅದು ಬಾಯಿಬಿಟ್ಟು ಹೇಳಿದ ಷರತ್ತು, ಅಲ್ಲಿ ಶಾಫಿಈ ಕೂಡ ನಿಮ್ಮ ಜೊತೆ ನಿಲ್ಲಲ್ಲ.

ಆ ಹೆಂಗಸಿನ ಕಥೆ ಮುಗಿದಿಲ್ಲ. ಆಯಿಶಾ ಮಾತು ಕೇಳಿ ಅವಳು ಒಂದು ಪ್ರಶ್ನೆ ಕೇಳ್ತಾಳೆ, ನಾನು ನನ್ನ ಅಸಲು ಮಾತ್ರ ತಗೊಂಡ್ರೆ? ಗುಲಾಮ, ವಾಯಿದೆ, ಎರಡು ವ್ಯಾಪಾರ ಯಾವುದನ್ನೂ ಅವಳು ಎತ್ತಲ್ಲ, ಅಸಲು ಅಂತಾಳೆ, ಅಂದ್ರೆ ತಾನು ಕೊಟ್ಟಿದ್ದು ಸಾಲ ಅಂತ ಅವಳಿಗೇ ಗೊತ್ತಿತ್ತು. ಆಯಿಶಾ ಉತ್ತರವಾಗಿ ಬಕರಾ ಅಧ್ಯಾಯದ ಬಡ್ಡಿಯ ಆಯತ್ ಓದ್ತಾರೆ, ತನ್ನ ಪ್ರಭುವಿನ ಉಪದೇಶ ಬಂದ ಮೇಲೆ ಯಾರು ನಿಲ್ಲಿಸ್ತಾರೋ ಅವರಿಗೆ ಹಿಂದಿನದು ಅವರದೇ.